ಬೆಂಗಳೂರಿನಲ್ಲಿ ನಾಲ್ಕು ನಿಮಿಷ, ಸಕಲೇಶಪುರದಲ್ಲಿ ಆರೂವರೆ: ಒಂದೇ ಕೆಟಲ್, ಒಂದೇ ಲೀಟರ್ ನೀರು

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಇರುವವಳು. ಸಕಲೇಶಪುರದ ಹತ್ತಿರದ ತವರಿಗೆ ಬಂದಾಗ ನನ್ನ ಎಲೆಕ್ಟ್ರಿಕ್ ಕೆಟಲ್ ಜೊತೆಗೆ ತಂದೆ. ಅಮ್ಮನಿಗೆ ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಬೇಕು, ಅಷ್ಟಕ್ಕೇ ಸೌದೆ ಒಲೆ ಹಚ್ಚುವುದು ಬೇಡ ಎಂದು. ಕೆಟಲಿನ ತಳದಲ್ಲಿ 230 V, 1500 W ಎಂದು ಅಚ್ಚಾಗಿದೆ. ಬೆಂಗಳೂರಿನ ಮನೆಯಲ್ಲಿ ಒಂದು ಲೀಟರ್ ನೀರು ಹಾಕಿದರೆ ನಾಲ್ಕು ನಿಮಿಷ ಐದು ಸೆಕೆಂಡಿಗೆ ಟಕ್ ಎಂದು ಆಫ್ ಆಗುತ್ತದೆ. ಇಲ್ಲಿ ಆರು ನಿಮಿಷ ನಲವತ್ತು ಸೆಕೆಂಡು. ಮೂರು ದಿನ ಮೊಬೈಲಿನಲ್ಲಿ ಸಮಯ ಹಿಡಿದು ನೋಡಿದ್ದೇನೆ, ಹೆಚ್ಚೆಂದರೆ ಹತ್ತು ಸೆಕೆಂಡು ಆಚೆ ಈಚೆ.

ಕಾಲೇಜಿನಲ್ಲಿ ಕಲಿತದ್ದನ್ನು ನೆನಪು ಮಾಡಿಕೊಂಡು ಲೆಕ್ಕ ಹಾಕಿದೆ. ಒಂದು ಕಿಲೋ ನೀರಿನ ಉಷ್ಣತೆ ಒಂದು ಡಿಗ್ರಿ ಏರಲು 4186 ಜೂಲ್ ಬೇಕು. 25ರಿಂದ 100ಕ್ಕೆ 75 ಡಿಗ್ರಿ, ಅಂದರೆ 3,13,950 ಜೂಲ್. ಅದನ್ನು 1500ರಿಂದ ಭಾಗಿಸಿದರೆ 209 ಸೆಕೆಂಡು, ಮೂರೂವರೆ ನಿಮಿಷ. ಬೆಂಗಳೂರಿನ ನಾಲ್ಕು ನಿಮಿಷವನ್ನು ಹೇಗೋ ಒಪ್ಪಿಕೊಳ್ಳಬಹುದು. ಇಲ್ಲಿಯದಕ್ಕೆ ತಾಳಮೇಳವೇ ಇಲ್ಲ. ಬಸ್ಸಿನಲ್ಲಿ ಬರುವಾಗ ಕೆಟಲ್ ಪೆಟ್ಟು ತಿಂದು ಕೆಟ್ಟಿತೇ?

ಬೆಟ್ಟದ_ಮೇಲೆ

ಇದರಲ್ಲಿ ಆಶ್ಚರ್ಯವೇನೂ ಇಲ್ಲ ಮೇಡಂ. ಎತ್ತರದ ಜಾಗದಲ್ಲಿ ಗಾಳಿಯ ಒತ್ತಡ ಕಡಿಮೆ. ಅದಕ್ಕೇ ನೀರು ಕುದಿಯಲು ಹೆಚ್ಚು ಹೊತ್ತು ಬೇಕು. ನಾವು ಮುಳ್ಳಯ್ಯನಗಿರಿಯ ಕಡೆ ಚಾರಣಕ್ಕೆ ಹೋದಾಗ ಬೇಳೆ ಬೇಯುವಷ್ಟರಲ್ಲಿ ಎಲ್ಲರಿಗೂ ನಿದ್ದೆ ಬಂದಿತ್ತು.

ನಿವೃತ್ತ_ಲೈನು

ಬೇಳೆಯ ಮಾತು ನಿಜ, ನೀರಿನ ಮಾತು ತಲೆಕೆಳಗು. ಎತ್ತರಕ್ಕೆ ಹೋದಷ್ಟೂ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಷ್ಟು. ಹಾಗಾಗಿ ಕುದಿ ಬೇಗ ಬರುತ್ತದೆ. ಆ ಕುದಿಯುವ ನೀರಿಗೆ ಬಿಸಿ ಸಾಲದ ಕಾರಣ ಬೇಳೆ ಬೇಯುವುದು ತಡ. ಇನ್ನು ಬೆಂಗಳೂರು ಮತ್ತು ಸಕಲೇಶಪುರ ಎರಡೂ ಸಮುದ್ರ ಮಟ್ಟದಿಂದ 900 ಮೀಟರಿನ ಆಸುಪಾಸಿನಲ್ಲೇ ಇವೆ. ಎರಡೂ ಕಡೆ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ. ಎತ್ತರವನ್ನು ಈ ಕಟ್ಲೆಯಿಂದ ಬಿಟ್ಟುಬಿಡೋಣ.

ತಂಗಿ, ನಾನು ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವನು. ನಮ್ಮ ಕಾಲದ ಲೆಕ್ಕ ಹೇಳುತ್ತೇನೆ. ಒಂದು ಯುನಿಟ್ ಕರೆಂಟು ಅಂದರೆ 860 ಕಿಲೋ ಕ್ಯಾಲರಿ. 1500 ವ್ಯಾಟ್ ಒಂದು ಗಂಟೆಗೆ 1290 ಕೊಡುತ್ತದೆ, ನಿಮಿಷಕ್ಕೆ ಇಪ್ಪತ್ತೊಂದೂವರೆ. ಒಂದು ಲೀಟರ್ ನೀರು 25ರಿಂದ 97ಕ್ಕೆ ಏರಲು ಬೇಕಾದದ್ದು 72. ಭಾಗಿಸಿದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಇದನ್ನೇ ಬಾಯಿಲೆಕ್ಕಕ್ಕೆ ಇಳಿಸಿದರೆ ಹೀಗೆ:

```
ನಿಮಿಷ = 70 × ಲೀಟರ್ × ಏರಿಕೆ (°C) ÷ ವ್ಯಾಟ್
```

ಈ 70 ಎಲ್ಲಿಂದ ಬಂತು ಎಂದರೆ 4186ನ್ನು 60ರಿಂದ ಭಾಗಿಸಿ, ಸಿಗುತ್ತದೆ. ಇಷ್ಟು ನೆನಪಿದ್ದರೆ ಕಾಗದ ಬೇಡ.

ಈಗ ಎರಡು ಪ್ರಶ್ನೆ. ಅಲ್ಲಿ ನಲ್ಲಿಯ ನೀರು 25 ಡಿಗ್ರಿ ಇದೆ ಎಂದು ಅಳೆದಿರಾ, ಅಂದಾಜು ಮಾಡಿದಿರಾ? ಗೋಡೆಯ ಸಾಕೆಟ್ಟಿನಲ್ಲಿ ನಿಜವಾಗಿ 230 ವೋಲ್ಟ್ ಬರುತ್ತಿದೆಯೇ?

ತೋಟದಮನೆ

ಅಂದಾಜು ಸರ್, ತಪ್ಪು ನನ್ನದು. ಈಗ ಅಡುಗೆಮನೆಯ ಥರ್ಮಾಮೀಟರ್ ಅದ್ದಿ ನೋಡಿದೆ. ತೊಟ್ಟಿಯಿಂದ ಬರುವ ನೀರು 17 ಡಿಗ್ರಿ! ಡಿಸೆಂಬರಿನ ಮಲೆನಾಡು, ಕೈ ಮುಟ್ಟಿದರೇ ಗೊತ್ತಾಗಬೇಕಿತ್ತು. ವೋಲ್ಟೇಜಿಗೆ ಫ್ರಿಜ್ಜಿನ ಸ್ಟೆಬಿಲೈಸರ್ ನೋಡಿದೆ. ಒಳಬರುವುದು 205 ಎಂದು ತೋರಿಸುತ್ತಿದೆ.

ಲೆಕ್ಕದ_ಮಾಷ್ಟ್ರು

205ಕ್ಕೆ 230 ಅಂದರೆ ಸುಮಾರು ಹನ್ನೊಂದು ಶೇಕಡ ಕಡಿಮೆ. ಹಾಗಾದರೆ ಸಮಯವೂ ಹನ್ನೊಂದು ಶೇಕಡ ಹೆಚ್ಚು, ಅಷ್ಟೇ. ಇದರಿಂದ ಎರಡೂವರೆ ನಿಮಿಷದ ವ್ಯತ್ಯಾಸ ಬರುವುದಿಲ್ಲ.

ನಿವೃತ್ತ_ಲೈನು

ಮಾಷ್ಟ್ರೇ, ದಾರಿ ಸರಿ, ಅರ್ಧಕ್ಕೇ ನಿಂತಿರಿ. ವೋಲ್ಟೇಜ್ ಇಳಿದರೆ ಕಾಯಿಲ್ ಎಳೆಯುವ ಕರೆಂಟೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಏಟು ಎರಡು ಸಲ ಬೀಳುತ್ತದೆ. ಹಾಗಾಗಿ ವ್ಯಾಟ್ ಇಳಿಯುವುದು ವರ್ಗದ ಲೆಕ್ಕದಲ್ಲಿ. 205ನ್ನು 230ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ: 0.79. ಅಂದರೆ ನಿಮ್ಮ 1500 ವ್ಯಾಟಿನ ಕೆಟಲ್ ಅಲ್ಲಿ 1190 ವ್ಯಾಟಿನದು. ತಳದಲ್ಲಿ ಅಚ್ಚಾಗಿರುವ ವ್ಯಾಟ್ ಪಕ್ಕದಲ್ಲೇ ಅಚ್ಚಾಗಿರುವ ವೋಲ್ಟೇಜಿಗೆ ಮಾತ್ರ ಸತ್ಯ. ಎರಡನ್ನೂ ಒಟ್ಟಿಗೆ ಓದಬೇಕು.

ಲೆಕ್ಕದ_ಮಾಷ್ಟ್ರು

ಒಪ್ಪಿದೆ. ನಾಳೆ ತರಗತಿಯಲ್ಲಿ ಇದನ್ನೇ ಕೇಳುತ್ತೇನೆ, ನನ್ನ ಉತ್ತರ ಏನಿತ್ತು ಎಂದು ಹೇಳುವುದಿಲ್ಲ.

ಹಾಸ್ಟೆಲ್_ವಾಸಿ

ಅಣ್ಣ, ನನ್ನದೂ 1500 ವ್ಯಾಟೇ. ಆದರೆ ಬಕೆಟ್ ನೀರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ನಿಮ್ಮ ಲೆಕ್ಕದಲ್ಲಿ ನಾಲ್ಕೇ ನಿಮಿಷ ಎನ್ನುತ್ತೀರಲ್ಲ, ನನ್ನ ಕಾಯಿಲ್ ಕೆಟ್ಟಿದೆಯೇ?

ರಿಪೇರಿ_ಅಂಗಡಿ

ತಮ್ಮಾ, ಇಲ್ಲಿ ಮಾತಾಡುತ್ತಿರುವುದು ಕೆಟಲಿನ ಬಗ್ಗೆ, ನಿನ್ನದು ಬಕೆಟ್ಟಿಗೆ ಇಳಿಬಿಡುವ ರಾಡು. ಆದರೂ ಸರ್ ಹೇಳಿದ ಬಾಯಿಲೆಕ್ಕ ಅದಕ್ಕೂ ನಡೆಯುತ್ತದೆ. ಬಕೆಟ್ಟಿನಲ್ಲಿ 15 ಲೀಟರ್, 22 ಡಿಗ್ರಿಯ ನೀರು 45ಕ್ಕೆ ಏರಬೇಕು ಎಂದಿಟ್ಟುಕೋ. 70 × 15 × 23 ÷ 1500, ಹದಿನಾರು ನಿಮಿಷ. ತೆರೆದ ಬಕೆಟ್ಟು ಬಿಸಿಯನ್ನು ಬಿಟ್ಟುಕೊಡುತ್ತದೆ, ಇಪ್ಪತ್ತಾಗುವುದು ಸಹಜ. ರಾಡು ಚೆನ್ನಾಗಿದೆ. ನೀರು ಮುಟ್ಟಿ ನೋಡುವ ಮುಂಚೆ ಪ್ಲಗ್ ಕಿತ್ತುಹಾಕು, ಅದೊಂದನ್ನು ಮರೆಯಬೇಡ.

ತೋಟದಮನೆ

ಸರ್, ನೀವು ಹೇಳಿದಂತೆ ಮತ್ತೆ ಹಾಕಿದೆ. 17ರಿಂದ 97ಕ್ಕೆ 80 ಡಿಗ್ರಿ. 70 × 1 × 80 ÷ 1190, ನಾಲ್ಕು ನಿಮಿಷ ನಲವತ್ತೆರಡು ಸೆಕೆಂಡು. ಗಡಿಯಾರ ಹೇಳುವುದು ಆರು ನಲವತ್ತು. ಇನ್ನೂ ಎರಡು ನಿಮಿಷ ಎಲ್ಲಿಗೆ ಹೋಯಿತು?

ನಿವೃತ್ತ_ಲೈನು

ಸ್ವಲ್ಪ ನಿಧಾನಿಸಿ ನೋಡೋಣ. ಬಾಯಿಲೆಕ್ಕ ನೀರನ್ನು ಮಾತ್ರ ಎಣಿಸುತ್ತದೆ. ಕೆಟಲಿನ ಸ್ಟೀಲ್ ಮೈಯೂ ಬಿಸಿಯಾಗಬೇಕಲ್ಲ. ಸುಮಾರು 400 ಗ್ರಾಂ ಸ್ಟೀಲ್ ಎಂದರೆ ಬಿಸಿ ನುಂಗುವುದರಲ್ಲಿ 50 ಮಿಲಿಲೀಟರ್ ನೀರಿಗೆ ಸಮ. ಅದನ್ನು ಸೇರಿಸಿ 1.05 ಲೀಟರ್ ಎಂದು ಎಣಿಸಿ. ಇದು ಚಿಕ್ಕದು.

ದೊಡ್ಡದು ಆಫ್ ಆಗುವ ಬಗೆ. ಕೆಟಲ್ ನೀರಿನ ಉಷ್ಣತೆಯನ್ನು ನೋಡಿ ನಿಲ್ಲುವುದಿಲ್ಲ. ನೀರು ಕುದಿದು, ಆವಿ ಮುಚ್ಚಳದ ಹತ್ತಿರದ ಕಿಂಡಿಯಿಂದ ಹಿಡಿಯ ಕಡೆ ಇಳಿದು, ಅಲ್ಲಿರುವ ಎರಡು ಲೋಹದ ಪುಟ್ಟ ತಗಡು ಬಿಸಿಯಾಗಿ ಬಾಗಿದಾಗ ಟಕ್ ಎನ್ನುತ್ತದೆ. ನೀರು ಕುದಿಯಲು ಶುರುವಾದ ಮೇಲೆ ಹದಿನೈದು ಇಪ್ಪತ್ತು ಸೆಕೆಂಡು ಅದಕ್ಕೇ ಬೇಕು. ಉಳಿದದ್ದು ಮೈಯಿಂದ ಗಾಳಿಗೆ ಹೋಗುವ ಬಿಸಿ.

ಇವನ್ನೆಲ್ಲ ಬೇರೆಬೇರೆ ಅಳೆಯುವ ಗೋಜು ಬೇಡ, ನಿಮ್ಮ ಬೆಂಗಳೂರಿನ ಅಳತೆಯೇ ಸಾಕು. ಅಲ್ಲಿ 1.05 ಲೀಟರಿಗೆ 72 ಡಿಗ್ರಿ ಏರಿಕೆ, 1500 ವ್ಯಾಟಿನಲ್ಲಿ 211 ಸೆಕೆಂಡು ಬರಬೇಕಿತ್ತು. ಬಂದದ್ದು 245. ಅಂದರೆ 1.16 ಪಟ್ಟು. ಇದು ನಿಮ್ಮ ಕೆಟಲಿನ ಸ್ವಂತ ಗುಣಾಂಕ. ಇದನ್ನು ಊರಿನ ಲೆಕ್ಕಕ್ಕೆ ಹಚ್ಚಿದರೆ 342 ಸೆಕೆಂಡು, ಐದು ನಿಮಿಷ ನಲವತ್ತೆರಡು. ಈಗ ಕಾಣದಿರುವುದು ಒಂದೇ ನಿಮಿಷ.

ಆ ಒಂದು ನಿಮಿಷದ ಮೇಲೆ ನನಗೆ ಅನುಮಾನವಿದೆ. 205 ಎಂದು ನೋಡಿದಾಗ ಕೆಟಲ್ ಓಡುತ್ತಿತ್ತೇ?

ರಿಪೇರಿ_ಅಂಗಡಿ

ಸರ್, ಅದಕ್ಕೂ ಮುಂಚೆ ತಳ ನೋಡಬೇಕು. ನಾನು ಕೋಲಾರದಲ್ಲಿ ಅಂಗಡಿ ಇಟ್ಟುಕೊಂಡವನು. ನಮ್ಮ ಬೋರ್‌ವೆಲ್ ನೀರಿಗೆ ಮೂರೇ ತಿಂಗಳಿಗೆ ಕೆಟಲಿನ ಒಳಗೆ ಬಿಳಿ ಪದರ ಕಟ್ಟುತ್ತದೆ. ಪದರ ದಪ್ಪವಾದರೆ ಬಿಸಿ ನೀರಿಗೆ ಇಳಿಯುವುದಿಲ್ಲ, ಸಮಯ ದುಪ್ಪಟ್ಟಾಗುತ್ತದೆ. ಅಕ್ಕ, ಒಳಗೆ ಬೆರಳಾಡಿಸಿ ನೋಡಿ, ಉಪ್ಪಿನಕಾಗದದ ಹಾಗೆ ಒರಟಾಗಿದೆಯೇ?

ತೋಟದಮನೆ

ಇಲ್ಲ ಅಣ್ಣ, ತಳ ನುಣ್ಣಗಿದೆ. ತಂದು ಎರಡು ತಿಂಗಳೂ ಆಗಿಲ್ಲ. ಬೆಂಗಳೂರಿನಲ್ಲಿ ಫಿಲ್ಟರ್ ನೀರನ್ನೇ ಹಾಕುತ್ತಿದ್ದೆ.

ನಿವೃತ್ತ_ಲೈನು

ಅವರ ಕೆಟಲಿನಲ್ಲಿ ಪದರ ಇಲ್ಲ, ಸರಿ. ಆದರೂ ದುಪ್ಪಟ್ಟು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕಾಯಿಲ್ ಎಷ್ಟು ವ್ಯಾಟ್ ಎಳೆಯಬೇಕು ಎಂದು ತೀರ್ಮಾನಿಸುವುದು ಅದರ ರೋಧ ಮತ್ತು ವೋಲ್ಟೇಜ್. ಪದರಕ್ಕೆ ಅದರಲ್ಲಿ ಕೈ ಇಲ್ಲ. ಪದರ ಅಡ್ಡ ಬಂದರೆ ಕಾಯಿಲ್ ತಾನೇ ಇನ್ನಷ್ಟು ಕಾದು, ಆ ಬಿಸಿಯನ್ನು ತಳ್ಳಿಯೇ ತಳ್ಳುತ್ತದೆ. ಹುಟ್ಟಿದ ಬಿಸಿಗೆ ಹೋಗಲು ಬೇರೆ ಜಾಗ ಎಲ್ಲಿದೆ? ಸ್ವಲ್ಪ ತಳದ ಕಡೆಯಿಂದ ಸೋರಬಹುದು. ಗ್ಯಾಸಿನ ಮೇಲಿಟ್ಟ ಪಾತ್ರೆಗಾದರೆ ನಿಮ್ಮ ಮಾತು ಹೆಚ್ಚು ಸಲ್ಲುತ್ತದೆ, ಅಲ್ಲಿ ಬಿಸಿ ಪಕ್ಕದಿಂದ ಜಾರಿಹೋಗುತ್ತದೆ.

ರಿಪೇರಿ_ಅಂಗಡಿ

ಪುಸ್ತಕದ ಮಾತು ಇರಬಹುದು ಸರ್. ಆದರೆ ಗಿರಾಕಿಗಳು ತರುವ ಕೆಟಲ್‌ಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಪದರ ಕಟ್ಟಿದ್ದು ಕುದಿಯುವುದೇ ಇಲ್ಲ. ಮಧ್ಯದಲ್ಲಿ ನಿಲ್ಲುತ್ತದೆ, ತಣಿದ ಮೇಲೆ ಮತ್ತೆ ಹತ್ತುತ್ತದೆ. ನಿಂಬೆರಸ ಹಾಕಿ ಕುದಿಸಿ ಪದರ ಎಬ್ಬಿಸಿದರೆ ಮತ್ತೆ ಹೊಸದರಂತೆ ಓಡುತ್ತದೆ.

ನಿವೃತ್ತ_ಲೈನು

ಅದನ್ನು ಒಪ್ಪುತ್ತೇನೆ! ನೀರಿಲ್ಲದೆ ಕಾಯಬಾರದು ಎಂದು ತಳದಲ್ಲಿ ಇನ್ನೊಂದು ಥರ್ಮೋಸ್ಟಾಟ್ ಇರುತ್ತದೆ. ಪದರದಿಂದ ತಳ ಅತಿಯಾಗಿ ಕಾದಾಗ ನೀರು ಮುಗಿದಿದೆ ಎಂದುಕೊಂಡು ಅದು ಕಡಿದುಹಾಕುತ್ತದೆ. ಸಮಯ ಹೆಚ್ಚಾದದ್ದು ಕಾಯಿಲ್ ನಿಂತು ನಿಂತು ಓಡಿದ್ದರಿಂದ. ಒಂದೇ ಸಮನೆ ಓಡುತ್ತಿರುವ ಕೆಟಲಿನಲ್ಲಿ ಪದರದಿಂದಲೇ ಸಮಯ ಎಷ್ಟು ಏರುತ್ತದೆ ಎಂದು ನೀವೇ ಒಮ್ಮೆ ಗಡಿಯಾರ ಹಿಡಿದು ನೋಡಿ ಹೇಳಿ. ಎಬ್ಬಿಸುವ ಮುಂಚೆ ಒಂದು ಸಲ, ಆಮೇಲೆ ಒಂದು ಸಲ, ಅದೇ ಸಾಕೆಟ್ಟು, ಅದೇ ನೀರು.

ರಿಪೇರಿ_ಅಂಗಡಿ

ಆಗಲಿ. ಮುಂದಿನ ಗಿರಾಕಿ ಬರಲಿ, ಮಾಡುತ್ತೇನೆ. ಸೋತರೆ ಇಲ್ಲೇ ಬರೆಯುತ್ತೇನೆ.

ಎಡಿಸನ್_ಕನ್ನಡಿಗ

ನಡುವೆ ನನ್ನದೊಂದು ಕಥೆ. ನ್ಯೂಜೆರ್ಸಿಗೆ ಬಂದ ಮೊದಲ ವರ್ಷ ಊರಿನಿಂದಲೇ 1500 ವ್ಯಾಟಿನ ಕೆಟಲ್ ತಂದಿದ್ದೆ. ಪಿನ್ನು ಬದಲಿಸುವ ಅಡಾಪ್ಟರ್ ಹಾಕಿ ಓಡಿಸಿದೆ. ಒಂದು ಲೀಟರ್ ಕುದಿಯಲು ಇಪ್ಪತ್ತು ನಿಮಿಷದ ಹತ್ತಿರ! ಹೊರಗೆ ಹಿಮ ಬೀಳುತ್ತಿತ್ತು, ಚಳಿಗೆ ಹೀಗಾಗುತ್ತಿದೆ ಎಂದುಕೊಂಡಿದ್ದೆ. ನಿವೃತ್ತ ಸರ್ ಹೇಳಿದ ವರ್ಗದ ಲೆಕ್ಕವನ್ನು ಈಗ ಹಾಕಿದೆ. ಇಲ್ಲಿ 120 ವೋಲ್ಟ್. 230ಕ್ಕೆ ಹೋಲಿಸಿದರೆ ಅರ್ಧ, ವ್ಯಾಟಿನಲ್ಲಿ ಕಾಲು ಭಾಗ ಚಿಲ್ಲರೆ. ನನ್ನ ಕೆಟಲ್ 408 ವ್ಯಾಟಿನದಾಗಿತ್ತು. ಇಷ್ಟು ವರ್ಷ ಹಿಮವನ್ನು ಬೈದದ್ದು ಅನ್ಯಾಯ.

ನಿವೃತ್ತ_ಲೈನು

ಅಷ್ಟರಲ್ಲೇ ಬದುಕಿದಿರಿ. ಅಲ್ಲಿಯ ಕೆಟಲನ್ನು ಇಲ್ಲಿಗೆ ತಂದು ಚುಚ್ಚಿದ್ದರೆ ಅದೇ ವರ್ಗ ತಿರುಗಿ ಹೊಡೆಯುತ್ತಿತ್ತು, ಮೂರೂವರೆ ಪಟ್ಟು ವ್ಯಾಟ್. ಫ್ಯೂಸೋ ಕಾಯಿಲೋ, ಒಂದು ಹೋಗುತ್ತಿತ್ತು. ಮತ್ತೆ, ನಿಧಾನವಾಗಿ ಕಾದರೆ ಗಾಳಿಗೆ ಬಿಸಿ ಬಿಟ್ಟುಕೊಡಲು ಹೊತ್ತೂ ಹೆಚ್ಚು. ನೀರು ಒಂದಕ್ಕೇ ಹದಿಮೂರು ನಿಮಿಷ ಎಂದು ಲೆಕ್ಕ ಹೇಳುತ್ತದೆ. ನಿಮಗೆ ಇಪ್ಪತ್ತಾದದ್ದಕ್ಕೆ ಅದೂ ಒಂದು ಕಾರಣ. ನಾನು ಹೇಳಿದ 1.16 ಎಂಬ ಗುಣಾಂಕ ಎಲ್ಲ ಕಡೆ ಹಾಗೇ ನಿಲ್ಲುವುದಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ.

ತೋಟದಮನೆ

ಸರ್, ನಿಮ್ಮ ಅನುಮಾನ ಸರಿ ಇತ್ತು! 205 ಎಂದು ನೋಡಿದ್ದು ಕೆಟಲ್ ಆರಿದ್ದಾಗ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಅಣ್ಣ ಮಲ್ಟಿಮೀಟರ್ ತಂದರು. ನಡೆದದ್ದನ್ನು ಹೇಳುತ್ತೇನೆ.

ಮೊದಲು ಕೆಟಲಿನ ಪ್ಲಗ್ ಕಿತ್ತು, ಕೆಟಲ್ ಪೀಠದ ಮೇಲಿರುವಾಗ ಗುಂಡಿ ಒತ್ತಿ, ಪ್ಲಗ್ಗಿನ ಎರಡು ಪಿನ್ನುಗಳ ನಡುವೆ ಓಮ್ ನೋಡಿದರು. 35.5 ಬಂತು. 230ರ ವರ್ಗವನ್ನು ಅದರಿಂದ ಭಾಗಿಸಿದರೆ 1490 ವ್ಯಾಟ್. "ನಿಮ್ಮ ಕೆಟಲಿಗೆ ಏನೂ ಆಗಿಲ್ಲ" ಎಂದರು. ಬಸ್ಸಿನ ಮೇಲಿನ ನನ್ನ ಅಪವಾದ ವಾಪಸ್.

ಆಮೇಲೆ ಕೆಟಲ್ ಓಡಿಸಿ ಅಳೆದರು. ನಾನು ಹೇಳಲು ಮರೆತಿದ್ದೆ, ಕೆಟಲನ್ನು ಹಚ್ಚಿರುವುದು ಗೋಡೆಗಲ್ಲ, ಹಳೆಯ ಎಕ್ಸ್‌ಟೆನ್ಷನ್ ಬಾಕ್ಸಿಗೆ. ಕೆಟಲ್ ಓಡುತ್ತಿರುವಾಗ ಫ್ರಿಜ್ಜಿನ ಸ್ಟೆಬಿಲೈಸರ್ 205ರಿಂದ 199ಕ್ಕೆ ಇಳಿಯಿತು. ಎಕ್ಸ್‌ಟೆನ್ಷನ್ ಬಾಕ್ಸಿನ ಖಾಲಿ ತೂತುಗಳಲ್ಲಿ ಮೀಟರ್ ತೋರಿಸಿದ್ದು 190!

ನಿವೃತ್ತ_ಲೈನು

ಸಿಕ್ಕಿತು. 190ರ ಲೆಕ್ಕ ಹಾಕಿ. ಭಾಗಿಸಿ ವರ್ಗ ಮಾಡಿದರೆ 0.68, ಅಂದರೆ 1023 ವ್ಯಾಟ್. 1.05 ಲೀಟರ್, 80 ಡಿಗ್ರಿ: 344 ಸೆಕೆಂಡು. ಅದಕ್ಕೆ 1.16 ಪಟ್ಟು: 399. ಆರು ನಿಮಿಷ ಮೂವತ್ತೊಂಬತ್ತು ಸೆಕೆಂಡು. ನೀವು ಹೇಳಿದ್ದು ಆರು ನಲವತ್ತು. ಒಂದೇ ಸೆಕೆಂಡಿನ ವ್ಯತ್ಯಾಸ ಅದೃಷ್ಟ, ಅದಕ್ಕೆ ನಾನು ಬೀಗುವುದಿಲ್ಲ. ಹತ್ತು ಸೆಕೆಂಡು ಹೆಚ್ಚುಕಡಿಮೆಯಾಗಿದ್ದರೂ ಲೆಕ್ಕ ಸರಿ ಎಂದೇ ಹೇಳುತ್ತಿದ್ದೆ.

ಈಗ ಸಮಯಕ್ಕಿಂತ ಮುಖ್ಯವಾದ ಮಾತು. ಸ್ಟೆಬಿಲೈಸರಿನ ಹತ್ತಿರ 199, ಬಾಕ್ಸಿನಲ್ಲಿ 190. ನಡುವಿನ 9 ವೋಲ್ಟನ್ನು ಆ ಎಕ್ಸ್‌ಟೆನ್ಷನ್ ನುಂಗುತ್ತಿದೆ. ಓಡುತ್ತಿರುವ ಕರೆಂಟು 5.4 ಆಂಪಿಯರ್. ಗುಣಿಸಿದರೆ 48 ವ್ಯಾಟ್. ಅಷ್ಟು ಬಿಸಿ ತಂತಿಯಲ್ಲೋ, ಸಡಿಲವಾದ ಪಿನ್ನಿನ ಸುತ್ತಲೋ ಹುಟ್ಟುತ್ತಿದೆ. ಉದ್ದಕ್ಕೂ ಹರಡಿದ್ದರೆ ತಂತಿ ಬೆಚ್ಚಗಾಗುತ್ತದೆ, ಅಷ್ಟೇ. ಒಂದೇ ಜಾಗದಲ್ಲಿ ಹುಟ್ಟುತ್ತಿದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಕೆಟಲ್ ಆಫ್ ಮಾಡಿ, ಬಾಕ್ಸಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತ ಕೂಡಲೇ ಅದರ ಪಿನ್ನುಗಳ ಹತ್ತಿರ ಬೆರಳಿನ ಹಿಂಬದಿ ಇಟ್ಟು ನೋಡಿ.

ತೋಟದಮನೆ

ಸರ್, ಮುಟ್ಟಲು ಆಗಲಿಲ್ಲ. ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ತಿರುಗಿದೆ, ಹತ್ತಿರ ಮೂಸಿದರೆ ಸುಟ್ಟ ವಾಸನೆ. ಅಮ್ಮ, "ಮೊನ್ನೆಯಿಂದ ಮೀನು ಸುಟ್ಟ ವಾಸನೆ ಬರುತ್ತಿದೆ ಎಂದು ನಾನು ಹೇಳಲಿಲ್ಲವೇ" ಎಂದರು. ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ.

ರಿಪೇರಿ_ಅಂಗಡಿ

ಅಕ್ಕ, ಆ ಬಾಕ್ಸನ್ನು ರಿಪೇರಿಗೂ ಕೊಡಬೇಡಿ, ಎಸೆಯಿರಿ. ಗೋಡೆಯ ಸಾಕೆಟ್ಟನ್ನೂ ಬಿಚ್ಚಿಸಿ ನೋಡಿ. ಪಿನ್ನು ಸುಟ್ಟಿದ್ದರೆ ಒಳಗಿನ ಹಿತ್ತಾಳೆಯ ಹಿಡಿತವೂ ಸಡಿಲವಾಗಿರುತ್ತದೆ. ಹೊಸ ಪ್ಲಗ್ ಹಾಕಿದರೂ ಅದೇ ಸಾಕೆಟ್ಟು ಅದನ್ನೂ ಸುಡುತ್ತದೆ.

ಬೆಟ್ಟದ_ಮೇಲೆ

ಎತ್ತರದ ವಿಷಯದಲ್ಲಿ ನಾನು ಸೋತೆ. ಆದರೆ ಒಂದು ಕೇಳುತ್ತೇನೆ. ಉಳಿದ 205 ಏಕೆ? 230 ಬರಬೇಕಲ್ಲವೇ?

ನಿವೃತ್ತ_ಲೈನು

ಟ್ರಾನ್ಸ್‌ಫಾರ್ಮರಿನಿಂದ ತೋಟದ ಮನೆಗೆ ಎಷ್ಟು ಕಂಬಗಳ ದೂರ ಎಂದು ನೋಡಿದರೆ ತಿಳಿಯುತ್ತದೆ. ಜೊತೆಗೆ ಅದೇ ಲೈನಿನಲ್ಲಿ ಪಂಪ್‌ಸೆಟ್ ಓಡುತ್ತಿದ್ದರೆ ಇನ್ನೂ ಇಳಿಯುತ್ತದೆ. ಅವರ ಕೆಟಲ್ ಒಂದೇ 6 ವೋಲ್ಟ್ ಇಳಿಸುತ್ತಿದೆ ಅಂದರೆ ಸರ್ವಿಸ್ ತಂತಿಯ ಜೋಡಣೆಯನ್ನು ಒಮ್ಮೆ ಲೈನ್‌ಮ್ಯಾನ್ ನೋಡುವುದು ಒಳ್ಳೆಯದು. ತಂತಿಯ ಉದ್ದವೇ ಕಾರಣವೋ ಜೋಡಣೆಯೋ, ಇಲ್ಲಿ ಕುಳಿತು ಹೇಳಲಾರೆ.

ತೋಟದಮನೆ

ಇಂದು ಬೆಳಿಗ್ಗೆಯ ವರದಿ. ಎಲೆಕ್ಟ್ರಿಷಿಯನ್ ಅಣ್ಣ ಸಾಕೆಟ್ ಬದಲಿಸಿದರು, ಕೆಟಲನ್ನು ನೇರ ಗೋಡೆಗೆ ಹಚ್ಚಿದೆವು. ಓಡುವಾಗ 199 ವೋಲ್ಟ್. ಮೊದಲೇ ಲೆಕ್ಕ ಹಾಕಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆ: 1123 ವ್ಯಾಟ್, 363 ಸೆಕೆಂಡು, ಆರು ನಿಮಿಷ ಮೂರು. ಬಂದದ್ದು ಆರು ನಿಮಿಷ ಹತ್ತು.

ಎರಡನೆಯ ಸಲ ಏಳು ನಿಮಿಷವಾದರೂ ಆಫ್ ಆಗಲಿಲ್ಲ! ಗಾಬರಿಯಾಗಿ ಓಡಿದರೆ, ಕುದಿಯಿತೇ ಎಂದು ನೋಡಲು ಅಮ್ಮ ಮುಚ್ಚಳ ಎತ್ತಿ ಹಾಗೇ ಬಿಟ್ಟಿದ್ದರು. ಆವಿ ಎಲ್ಲ ಮೇಲಕ್ಕೆ, ಹಿಡಿಯ ಕಡೆಗೆ ಏನೂ ಇಲ್ಲ. ನೀರು ತಕತಕ ಕುಣಿಯುತ್ತಿತ್ತು. ನಿವೃತ್ತ ಸರ್ ಹೇಳಿದ್ದನ್ನು ಓದಿರದಿದ್ದರೆ ಹೊಸ ಸಾಕೆಟ್ಟನ್ನು ಬೈಯುತ್ತಿದ್ದೆ.

ಇಷ್ಟೆಲ್ಲ ಆದ ಮೇಲೆ ಅಮ್ಮ ಕೇಳಿದ್ದು: "ರಾತ್ರಿ ಒಲೆಯ ಕೆಂಡದ ಪಕ್ಕ ಚೊಂಬು ಇಟ್ಟರೆ ಬೆಳಿಗ್ಗೆ ನೀರು ಉಗುರು ಬೆಚ್ಚಗಿರುತ್ತದೆ. ಅದನ್ನೇ ಹಾಕಿದರೆ ಆಗದೇ?" ಥರ್ಮಾಮೀಟರ್ ಅದ್ದಿದೆ, 40 ಡಿಗ್ರಿ.

ಲೆಕ್ಕದ_ಮಾಷ್ಟ್ರು

ಈ ಸಲ ನಾನು ಹಾಕುತ್ತೇನೆ, ಪೂರ್ತಿ. 40ರಿಂದ 97ಕ್ಕೆ 57 ಡಿಗ್ರಿ. 1.05 ಲೀಟರ್, 1123 ವ್ಯಾಟ್: 223 ಸೆಕೆಂಡು. 1.16 ಪಟ್ಟು: 259. ನಾಲ್ಕು ನಿಮಿಷ ಹತ್ತೊಂಬತ್ತು ಸೆಕೆಂಡು. ನಿಮ್ಮ ಬೆಂಗಳೂರಿನ ಕೆಟಲಿಗಿಂತ ಹದಿನಾಲ್ಕೇ ಸೆಕೆಂಡು ಹಿಂದೆ.

ತೋಟದಮನೆ

ನಾಲ್ಕು ನಿಮಿಷ ಇಪ್ಪತ್ತೈದು, ಮಾಷ್ಟ್ರೇ. ಈಗಷ್ಟೇ ಟಕ್ ಎಂದಿತು. ಅಮ್ಮ ಲೋಟ ಹಿಡಿದು ನಿಂತಿದ್ದಾರೆ.